‘ಬೇಡ’ ಎನ್ನಲು ಒಂದು ಜಾಗ

“ಆಯ್ತು. ನಿಮಗೆ ಹೇಗೆ ಬೇಕೋ ಹಾಗೆ ಮಾಡಿ.”

ಬೊರಿವಲಿಯಲ್ಲಿ ಸಂಸಾರ ಹೂಡಿರುವ ತಮ್ಮನ ಫೋನಿಗೆ, ಕುಂದಾಪುರದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನಿಂದ ಬೆಳಿಗ್ಗೆ ಇಂಥದೊಂದು ವಾಟ್ಸ್ಆ್ಯಪ್ ಸಂದೇಶ ಬಂದಿದೆ ಎಂದಿಟ್ಟುಕೊಳ್ಳೋಣ. ಹಿಂದಿನ ರಾತ್ರಿ ತಮ್ಮ ಬರೆದಿದ್ದು ಇಷ್ಟೇ: “ಅಕ್ಕಾ, ಈ ಸಲ ಮಳೆಗಾಲಕ್ಕೆ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬರ್ತೇನೆ. ಜೂನ್ ಮೊದಲ ವಾರಕ್ಕೆ ಟಿಕೆಟ್ ನೋಡ್ತಾ ಇದ್ದೇನೆ.” ಅವನ ಮಟ್ಟಿಗೆ ಇದು ಒಳ್ಳೆಯ ಸುದ್ದಿ. ಅಮ್ಮನಿಗೆ ವಯಸ್ಸಾಗಿದೆ, ಊರಿನಲ್ಲಿ ಮಳೆ ಜೋರು, ಅಂಗಳದಲ್ಲಿ ಪಾಚಿ, ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ನಾಲ್ಕು ತಿಂಗಳು ತನ್ನ ಮನೆಯಲ್ಲಿದ್ದರೆ ಅಕ್ಕನಿಗೂ ಸ್ವಲ್ಪ ಬಿಡುವು ಎಂದು ಅವನು ಯೋಚಿಸಿದ್ದ. ಅದಕ್ಕೆ ಬಂದ ಉತ್ತರ ಈ ಎರಡು ವಾಕ್ಯ.

ಕರಾವಳಿಯಿಂದ ಬಂದು ಬೊರಿವಲಿ, ದಹಿಸರ್, ಮೀರಾ ರೋಡ್ ಕಡೆ ನೆಲೆಸಿದ ಮನೆಗಳಲ್ಲಿ ಊರಿನ ವ್ಯವಹಾರ ಈಗ ನಡೆಯುವುದು ಬಹುಪಾಲು ಫೋನಿನ ಪರದೆಯ ಮೇಲೆ. ಮನೆಯ ರಿಪೇರಿ, ದೇವರ ಕಾರ್ಯ, ಅಮ್ಮನ ಔಷಧಿ, ತೋಟದ ಲೆಕ್ಕ ಎಲ್ಲವೂ ಸಂದೇಶಗಳಲ್ಲೇ ತೀರ್ಮಾನವಾಗುತ್ತವೆ. ಎದುರು ಕೂತು ಮಾತಾಡಿದ್ದರೆ ಮುಖ ನೋಡಿ ತಿಳಿಯುತ್ತಿದ್ದ ಬೇಸರ ಇಲ್ಲಿ ಎರಡು ಒಣ ವಾಕ್ಯಗಳಾಗಿ ಬಂದು ಕೂರುತ್ತದೆ. ಅದಕ್ಕೆ ಏನು ಉತ್ತರ ಬರೆಯಬೇಕು ಎಂಬುದು ಇವತ್ತಿನ ವಿಚಾರ.

ಮೊದಲು ಆ ಸಂದೇಶವನ್ನು ಸರಿಯಾಗಿ ಓದೋಣ. ಮಾತಿನ ಅರ್ಥ ಹಿಡಿದರೆ ಅಕ್ಕ ಒಪ್ಪಿಗೆ ಕೊಟ್ಟಿದ್ದಾಳೆ. ಆದರೆ ದಿನವೂ “ನೀನು” ಎನ್ನುವ ಅಕ್ಕ ಇವತ್ತು “ನಿಮಗೆ”, “ಮಾಡಿ” ಎಂದಿದ್ದಾಳೆ. ತಮ್ಮನ ಜೊತೆ ಅವನ ಹೆಂಡತಿಯನ್ನೂ ಸೇರಿಸಿ ದೂರ ನಿಲ್ಲಿಸಿದ್ದಾಳೆ. ಯಾವಾಗಲೂ ಮಕ್ಕಳನ್ನು ವಿಚಾರಿಸುವವಳು ಇವತ್ತು ವಿಚಾರಿಸಿಲ್ಲ. ಅಮ್ಮನಿಗೆ ಇದರ ಬಗ್ಗೆ ಏನನ್ನಿಸುತ್ತದೆ ಎಂದೂ ಹೇಳಿಲ್ಲ. ಪಾಲ್ ವಾಟ್ಸ್ಲಾವಿಕ್ ಮತ್ತು ಅವರ ಜೊತೆಗಾರರು 1967ರಲ್ಲಿ ಹೊರತಂದ ಸಂವಹನದ ಪುಸ್ತಕದಲ್ಲಿ ಒಂದು ಸರಳ ಮಾತಿದೆ: ಪ್ರತಿಯೊಂದು ಮಾತೂ ಎರಡು ಕೆಲಸ ಮಾಡುತ್ತದೆ, ಒಂದು ವಿಷಯ ಹೇಳುತ್ತದೆ, ಜೊತೆಗೆ ನಮ್ಮಿಬ್ಬರ ಸಂಬಂಧ ಈಗ ಹೇಗಿದೆ ಎಂದೂ ಹೇಳುತ್ತದೆ. ಸಾಮಾನ್ಯ ಮಾತಿನಲ್ಲಿ ಇವೆರಡೂ ಒಂದೇ ದಿಕ್ಕಿಗೆ ಹೋಗುತ್ತವೆ. ಅಕ್ಕನ ಸಂದೇಶದಲ್ಲಿ ವಿಷಯ “ಆಗಬಹುದು” ಎನ್ನುತ್ತದೆ, ಸಂಬಂಧ “ನನಗೆ ನೋವಾಗಿದೆ” ಎನ್ನುತ್ತದೆ. ಓದುವವನಿಗೆ ಕಷ್ಟವಾಗುವುದು ಇಲ್ಲೇ. ಯಾವುದಕ್ಕೆ ಉತ್ತರ ಕೊಟ್ಟರೂ ಇನ್ನೊಂದಕ್ಕೆ ಉತ್ತರ ಕೊಡದೆ ಬಿಟ್ಟಂತಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಬರಹದಲ್ಲಿ ಬಂದ ಮಾತಿನ ಧಾಟಿಯನ್ನು ನಾವು ಅಂದುಕೊಂಡಷ್ಟು ಚೆನ್ನಾಗಿ ಓದುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಾಕ್ಯಗಳನ್ನು ನಿಜವಾಗಿ ಹೇಳಿದ್ದೋ ಚುಚ್ಚಿ ಹೇಳಿದ್ದೋ ಎಂದು ಗುರುತಿಸಲು ಓದುಗರಿಗೆ ಕೊಟ್ಟಿದ್ದರು. 100ಕ್ಕೆ ಸುಮಾರು 78 ಸಲ ಓದುಗರು ಸರಿಯಾಗಿ ಹಿಡಿಯುತ್ತಾರೆ ಎಂದು ಬರೆದವರು ನಂಬಿದ್ದರು. ಇ-ಮೇಲ್ ಓದಿದವರು ಸರಿಯಾಗಿ ಹಿಡಿದದ್ದು ಸುಮಾರು 56 ಸಲ, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲು. ಅದೇ ಮಾತನ್ನು ದನಿಯಲ್ಲಿ ಕೇಳಿದವರು ಸುಮಾರು 73 ಸಲ ಸರಿಯಾಗಿ ಹೇಳಿದರು. ಅಪರೂಪಕ್ಕೆ ಅಕ್ಕ ನಿಜವಾಗಿಯೇ ಒಪ್ಪಿ, ಒಲೆಯ ಮೇಲೆ ಅನ್ನ ಇಟ್ಟು, ಅವಸರದಲ್ಲಿ ಎರಡು ವಾಕ್ಯ ಬರೆದಿರಬಹುದು. ಆದ್ದರಿಂದ ನಮ್ಮ ಉತ್ತರ ಎರಡೂ ಸಂದರ್ಭಕ್ಕೆ ಹೊಂದುವಂತಿರಬೇಕು. ಅವಳಿಗೆ ನೋವಾಗಿದ್ದರೆ ಬಾಗಿಲು ತೆರೆಯಬೇಕು, ಆಗಿಲ್ಲದಿದ್ದರೆ ಸುಮ್ಮನೆ ಆರೋಪ ಹೊರಿಸಿದಂತಾಗಬಾರದು. ನಾವು ಹಿಡಿದ ಧಾಟಿಯೇ ಸರಿ ಎಂದು ನಂಬಿ ಬರೆದ ಉತ್ತರ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಇನ್ನು, ಮನುಷ್ಯರು ಹೀಗೆ ಯಾಕೆ ಮಾತಾಡುತ್ತಾರೆ? ಒಳಗೊಳಗೇ ಸಿಟ್ಟು ಇಟ್ಟುಕೊಂಡು ಮೇಲೆ ಒಪ್ಪಿದಂತೆ ತೋರುವ ಈ ನಡತೆಗೆ ಮನೋವೈದ್ಯರು ಒಂದು ಹೆಸರು ಕೊಟ್ಟಿದ್ದು ಎರಡನೇ ಮಹಾಯುದ್ಧದ ಕೊನೆಯಲ್ಲಿ. ಅಮೆರಿಕದ ಸೇನೆಯಲ್ಲಿದ್ದ ಮನೋವೈದ್ಯ ವಿಲಿಯಂ ಮೆನಿಂಗರ್ 1945ರ ಒಂದು ಇಲಾಖಾ ಪ್ರಕಟಣೆಯಲ್ಲಿ, ಆಜ್ಞೆಯನ್ನು ನೇರವಾಗಿ ಧಿಕ್ಕರಿಸದೆ ಮುಖ ಊದಿಸಿಕೊಂಡು, ಕೆಲಸ ತಡಮಾಡಿ, ಬೇಕೆಂದೇ ಅರೆಮನಸ್ಸಿನಿಂದ ಮಾಡಿ ಪ್ರತಿರೋಧ ತೋರುವ ಸೈನಿಕರ ಬಗ್ಗೆ ಬರೆದರು. 1952ರಲ್ಲಿ ಅಮೆರಿಕದ ಮನೋವೈದ್ಯರ ಮೊದಲ ಕೈಪಿಡಿಯಲ್ಲಿ ಇದು ಒಂದು ದೋಷವಾಗಿ ಸೇರಿತು. 1994ರ ಆವೃತ್ತಿಯಲ್ಲಿ ಅದನ್ನು ಮುಖ್ಯ ಪಟ್ಟಿಯಿಂದ ತೆಗೆದು ಅನುಬಂಧಕ್ಕೆ ಸರಿಸಿದರು. ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದು ಹುಟ್ಟಿದ ಜಾಗ. ಸೈನಿಕನಿಗೆ “ಇಲ್ಲ, ಮಾಡುವುದಿಲ್ಲ” ಎನ್ನುವ ಅವಕಾಶವೇ ಇರಲಿಲ್ಲ. ಹೇಳಲಾಗದ “ಇಲ್ಲ” ಅವನ ಮುಖದಲ್ಲಿ, ಅವನ ತಡದಲ್ಲಿ ಹೊರಬಂತು.

ನಮ್ಮ ಮನೆಗಳಲ್ಲೂ “ಬೇಡ” ಎನ್ನುವ ಅವಕಾಶ ಎಲ್ಲರಿಗೂ ಒಂದೇ ಸಮ ಹಂಚಿಲ್ಲ. ಈ ಅಕ್ಕನ ಸ್ಥಾನದಲ್ಲಿ ನಿಂತು ನೋಡಿ. ಅಮ್ಮನನ್ನು ವರ್ಷವಿಡೀ ನೋಡಿಕೊಳ್ಳುವುದು ಅವಳು. ಬೆಳಿಗ್ಗೆಯ ಮಾತ್ರೆ ಯಾವುದು, ರಾತ್ರಿಯದು ಯಾವುದು, ಯಾವ ತಿಂಡಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಗೊತ್ತಿರುವುದು ಅವಳಿಗೆ. ಆದರೆ ತೀರ್ಮಾನ ಮುಂಬಯಿಯಿಂದ ಬರುತ್ತದೆ, ಅದೂ ಟಿಕೆಟ್ ನೋಡುವ ಹಂತಕ್ಕೆ ಬಂದ ಮೇಲೆ. ಈಗ ಅವಳು ನೇರವಾಗಿ “ಬೇಡ” ಎಂದರೆ, ಮಗ ಅಮ್ಮನನ್ನು ಕರೆದುಕೊಂಡು ಹೋಗುವುದನ್ನು ತಡೆದವಳು ಎಂಬ ಮಾತು ಬರುತ್ತದೆ. ಮನಸಾರೆ “ಆಗಲಿ” ಎಂದರೆ, ಅವಳಿಂದ ನೋಡಿಕೊಳ್ಳಲು ಆಗಲಿಲ್ಲ, ಅದಕ್ಕೇ ತಮ್ಮ ಕರೆದುಕೊಂಡು ಹೋದ ಎಂದು ನೆರೆಕರೆಯವರು ಹೇಳಬಹುದು. ಎರಡೂ ಕಡೆ ದಾರಿ ಮುಚ್ಚಿದಾಗ ಉಳಿಯುವ ಮಾತು “ನಿಮಗೆ ಹೇಗೆ ಬೇಕೋ ಹಾಗೆ ಮಾಡಿ” ಎಂಬುದೊಂದೇ. ಅದು ಚುಚ್ಚುತ್ತದೆ, ನಿಜ. ಆದರೆ ಬಾಯಿ ಬಿಟ್ಟು ಕೇಳಲು ಅವಳಿಗೆ ಸಾಧ್ಯವಾಗದ ಒಂದು ಪ್ರಶ್ನೆ ಅದರಲ್ಲಿದೆ: ನನ್ನನ್ನು ಯಾರಾದರೂ ಕೇಳುತ್ತೀರಾ?

ಹಾಗಾಗಿ ಇಂಥ ಸಂದೇಶಕ್ಕೆ ಕೊಡುವ ಉತ್ತರದ ಮುಖ್ಯ ಕೆಲಸ ಒಂದೇ ಎಂದು ನಾನು ನಂಬಿದ್ದೇನೆ. ಎದುರಿನವರಿಗೆ “ಬೇಡ” ಎನ್ನಲು ಮರ್ಯಾದೆಯ ಒಂದು ಜಾಗ ಮಾಡಿಕೊಡಬೇಕು. ಆ ಜಾಗ ಸಿಕ್ಕರೆ ಚುಚ್ಚುಮಾತಿನ ಅಗತ್ಯವೇ ಬೀಳುವುದಿಲ್ಲ.

ಇದು ತಪ್ಪಿಹೋಗುವ ಬಗೆ ಮೂರು. ಮೂರರ ಹಿಂದೆಯೂ ಒಂದು ಸಹಜವಾದ ಸೆಳೆತ ಇರುತ್ತದೆ, ಆದ್ದರಿಂದ ಒಂದೊಂದನ್ನೇ ನೋಡುವುದು ಒಳ್ಳೆಯದು.

ಮೊದಲನೆಯದು, ಮಾತನ್ನು ಅಕ್ಷರಶಃ ಹಿಡಿಯುವುದು: “ಸರಿ ಅಕ್ಕಾ, ಹಾಗಾದರೆ ಟಿಕೆಟ್ ಮಾಡ್ತೇನೆ.” ಇದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಅವಳೇ ಮಾಡು ಎಂದಳು, ಇವನು ಮಾಡಿದ. ಆದರೆ ಇವನಿಗೂ ಒಳಗೆ ಗೊತ್ತಿದೆ, ಅವಳು ಒಪ್ಪಿಲ್ಲ ಎಂದು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಮುಂದುವರಿದರೆ ಇವನೂ ಅವಳ ಧಾಟಿಯಲ್ಲೇ ಮಾತಾಡಿದಂತೆ. ಜೂನಿನಲ್ಲಿ ಅಮ್ಮ ರೈಲು ಹತ್ತುತ್ತಾರೆ, ಆದರೆ ಆ ನಂತರ ಅಕ್ಕನ ಫೋನ್ ಕಡಿಮೆಯಾಗುತ್ತದೆ. ಔಷಧಿಯ ಚೀಟಿ ಊರಿನಲ್ಲೇ ಉಳಿಯುತ್ತದೆ. ಮುಂದಿನ ವರ್ಷ ಮನೆಯ ಇನ್ಯಾವುದೋ ವಿಷಯದಲ್ಲಿ ಈ ಬಾಕಿ ಹೊರಬರುತ್ತದೆ.

ಎರಡನೆಯದು, ಧಾಟಿಯ ಜೊತೆ ಜಗಳಕ್ಕೆ ಇಳಿಯುವುದು: “ಹೀಗೆಲ್ಲ ಯಾಕೆ ಹೇಳ್ತೀಯ? ಒಳ್ಳೆಯದಕ್ಕೆ ಹೇಳಿದರೂ ನಿನಗೆ ಸಿಟ್ಟು.” ಇದು ಬಹಳ ಜನ ಬರೆಯುವ ಉತ್ತರ. ಇದರ ತೊಂದರೆ ಏನೆಂದರೆ, ಅಕ್ಕ ಬರೆದದ್ದರಲ್ಲಿ ಸಿಟ್ಟಿನ ಶಬ್ದ ಒಂದೂ ಇಲ್ಲ. “ನಾನೆಂತ ಹೇಳಿದೆ? ಮಾಡಿ ಅಂತ ಹೇಳಿದ್ದಲ್ಲವಾ?” ಎಂದು ಅವಳು ಕೇಳಿದರೆ ಇವನ ಬಳಿ ಉತ್ತರವಿಲ್ಲ. ಅಲ್ಲಿಂದ ಮುಂದೆ ಮಾತು ಅಮ್ಮನ ಬಗ್ಗೆ ಇರುವುದಿಲ್ಲ. ಯಾರು ಯಾವ ಧಾಟಿಯಲ್ಲಿ ಏನು ಹೇಳಿದರು, ಹೋದ ವರ್ಷ ಏನಾಗಿತ್ತು, ಅತ್ತಿಗೆ ನಾದಿನಿ ಮಾತಾಡಿದ್ದು ಯಾವಾಗ ಎಂಬ ಕಡೆ ಹೋಗುತ್ತದೆ. ಚುಚ್ಚಿದ ಜಾಗದಲ್ಲಿ ಕೈಯಿಟ್ಟರೆ ಜಗಳ ಅಲ್ಲೇ ಕಟ್ಟಿಕೊಳ್ಳುತ್ತದೆ.

ಮೂರನೆಯದು, ತಕ್ಷಣ ಸೋತುಬಿಡುವುದು: “ಬೇಡ ಬಿಡು ಅಕ್ಕಾ, ಅಮ್ಮ ಅಲ್ಲೇ ಇರಲಿ.” ಶಾಂತಿಗಾಗಿ ಹೇಳಿದ ಮಾತಿನಂತೆ ಕಾಣುತ್ತದೆ. ಆದರೆ ಅಕ್ಕ ಏನು ಬಯಸುತ್ತಾಳೆ ಎಂದು ಇನ್ನೂ ಯಾರೂ ಕೇಳಿಲ್ಲ. ಅಮ್ಮನನ್ನು ಕಳಿಸಲು ಅವಳಿಗೆ ಮನಸ್ಸಿರಲೂಬಹುದು, ಕೇಳದೆ ತೀರ್ಮಾನಿಸಿದ್ದಷ್ಟೇ ನೋವಾಗಿರಬಹುದು. ಇವನು ಹಿಂದೆ ಸರಿದರೆ ಅವಳಿಗೆ ಬಿಡುವೂ ಇಲ್ಲ, ಮಾತಿಗೆ ಬೆಲೆಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಏನಾದರೂ ಆಗಬೇಕಾದರೆ ನೇರ ಮಾತಿಗಿಂತ ಚುಚ್ಚುಮಾತೇ ಬೇಗ ಫಲ ಕೊಡುತ್ತದೆ ಎಂಬುದನ್ನು ಇಬ್ಬರೂ ಕಲಿಯುತ್ತಾರೆ.

ಈಗ ಹೊಂದುವ ಉತ್ತರ ಹೇಗಿರಬಹುದು ನೋಡೋಣ. ಬರೆಯುವ ಮೊದಲು ಸಮಯದ ಮಾತು. ಬೆಳಿಗ್ಗೆ ಬೊರಿವಲಿಯಿಂದ ಚರ್ಚ್‌ಗೇಟ್ ಫಾಸ್ಟ್ ಲೋಕಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತವನ ಕಣ್ಣಿಗೆ ಈ ಸಂದೇಶ ಬಿದ್ದಿದೆ. ಹಿಂದಿನಿಂದ ತಳ್ಳಾಟ, ಮುಂದೆ ಒಬ್ಬರ ಬೆನ್ನಚೀಲ. ಆ ಸ್ಥಿತಿಯಲ್ಲಿ ಹೆಬ್ಬೆರಳಿನಿಂದ ಬರೆಯುವ ಉತ್ತರದಲ್ಲಿ ರೈಲಿನ ಇಕ್ಕಟ್ಟೂ ಸೇರಿಕೊಳ್ಳುತ್ತದೆ. ಎರಡು ನೀಲಿ ಗುರುತು ಬಿದ್ದಿದೆ, ಓದಿದ್ದು ಅವಳಿಗೆ ತಿಳಿದಿದೆ, ಈಗಲೇ ಉತ್ತರಿಸಬೇಕು ಎಂಬ ಒತ್ತಡ ಸಹಜ. ಆದರೆ ಇಂಥ ವಿಷಯದಲ್ಲಿ ಎರಡು ಮೂರು ಗಂಟೆಯ ತಡ ಯಾವ ಸಂಬಂಧವನ್ನೂ ಕೆಡಿಸುವುದಿಲ್ಲ, ಎರಡು ದಿನದ ಮೌನ ಕೆಡಿಸುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಬರೆದರೆ ಸಾಕು. ಕರಡನ್ನು ಆ ಸಂದೇಶದ ಪೆಟ್ಟಿಗೆಯಲ್ಲೇ ಬರೆದು ಅಳಿಸಿ ಮಾಡಬಾರದು. ಆ ಹೊತ್ತಿಗೆ ಅಕ್ಕನ ಫೋನಿನಲ್ಲಿ ಅದೇ ಪುಟ ತೆರೆದಿದ್ದರೆ, ಇವನು ಬರೆಯುತ್ತಿದ್ದಾನೆ, ನಿಲ್ಲಿಸಿದ, ಮತ್ತೆ ಬರೆಯುತ್ತಿದ್ದಾನೆ ಎಂಬುದು ಅವಳಿಗೆ ಕಾಣುತ್ತಿರುತ್ತದೆ. ಕಳಿಸಿ ಅಳಿಸಿದರೂ ಅಳಿಸಿದ ಗುರುತು ಉಳಿಯುತ್ತದೆ. ಫೋನಿನಲ್ಲೇ ಬೇರೆ ಕಡೆ ಬರೆದು, ಒಮ್ಮೆ ಓದಿ, ಆಮೇಲೆ ಹಾಕುವುದು ಕ್ಷೇಮ.

ಉತ್ತರ ಹೀಗಿರಬಹುದು:

“ಅಕ್ಕಾ, ಅಮ್ಮನನ್ನು ನೋಡಿಕೊಳ್ಳುವುದು ನೀನು, ಟಿಕೆಟಿನ ಮಾತಿಗೆ ಮೊದಲು ನಿನ್ನನ್ನು ಕೇಳಬೇಕಿತ್ತು. ಟಿಕೆಟ್ ಇನ್ನೂ ಮಾಡಲಿಲ್ಲ. ಅಮ್ಮ ಮಳೆಗಾಲಕ್ಕೆ ಇಲ್ಲಿ ಬರುವುದು ನಿನಗೆ ಸರಿ ಕಾಣ್ತದಾ, ಅಲ್ಲ ಈ ವರ್ಷ ಬೇಡವಾ? ಬೇಡ ಅಂದರೂ ಅಡ್ಡಿಯಿಲ್ಲ. ರಾತ್ರಿ ಎಂಟೂವರೆಗೆ ಫೋನ್ ಮಾಡ್ತೇನೆ.”

ಇದರಲ್ಲಿ ನಾಲ್ಕು ಕೆಲಸ ನಡೆದಿವೆ. ಮೊದಲ ವಾಕ್ಯ, ನೋವಿಗೆ ಕಾರಣವಾಗಿರಬಹುದಾದ ಒಂದೇ ಒಂದು ಸಂಗತಿಯನ್ನು ಹೆಸರಿಸುತ್ತದೆ. “ನಿನಗೆ ಸಿಟ್ಟು ಬಂದಿದೆ ಅಂತ ಕಾಣ್ತದೆ” ಎಂದು ಅವಳ ಮನಸ್ಸಿನ ಬಗ್ಗೆ ತೀರ್ಪು ಕೊಡುವುದಿಲ್ಲ. ತಾನು ಮಾಡಿದ್ದರ ಬಗ್ಗೆ ಮಾತ್ರ ಹೇಳುತ್ತದೆ. ಅವಳಿಗೆ ಸಿಟ್ಟು ಬಂದಿಲ್ಲದಿದ್ದರೂ ಈ ವಾಕ್ಯ ಸತ್ಯವೇ, ಹಾಗಾಗಿ ಹಾನಿಯಿಲ್ಲ. ಎರಡನೆಯ ವಾಕ್ಯ, ಇನ್ನೂ ಕಾಲ ಮಿಂಚಿಲ್ಲ ಎಂದು ತಿಳಿಸುತ್ತದೆ. ಇದು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಟಿಕೆಟ್ ಆಗಿದ್ದರೆ ಆಗಿದೆ ಎಂದೇ ಹೇಳಿ, ರದ್ದು ಮಾಡಬಹುದು ಎನ್ನಬೇಕು. ಮೂರನೆಯದು ಪ್ರಶ್ನೆ. “ಏನಾಯ್ತು?”, “ಬೇಜಾರಾಯ್ತಾ?” ಎಂಬ ಪ್ರಶ್ನೆಗಳಿಗೆ “ಏನಿಲ್ಲ” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. “ಬರುವುದಾ, ಬೇಡವಾ” ಎಂಬುದಕ್ಕೆ “ಏನಿಲ್ಲ” ಎಂದು ಹೇಳಲು ಬರುವುದಿಲ್ಲ. “ಬೇಡ ಅಂದರೂ ಅಡ್ಡಿಯಿಲ್ಲ” ಎಂಬಲ್ಲಿ ಆ ಜಾಗ ತೆರೆದುಕೊಂಡಿತು. ನಾಲ್ಕನೆಯದು, ಮಾತನ್ನು ಬರಹದಿಂದ ದನಿಗೆ ಒಯ್ಯುವ ಹೊತ್ತು. “ಯಾವಾಗಲಾದರೂ ಮಾತಾಡೋಣ” ಎಂದರೆ ಮುಂದೂಡಿದಂತೆ. ಎಂಟೂವರೆ ಎಂದರೆ, ಇವನು ಮನೆ ತಲುಪಿ ಕೈಕಾಲು ತೊಳೆದ ಮೇಲೆ, ಅಕ್ಕ ಮಲಗುವ ಮೊದಲು.

ಇದರಲ್ಲಿ ಇಲ್ಲದ್ದನ್ನೂ ಗಮನಿಸಬೇಕು. ವಿವರಣೆ ಇಲ್ಲ. ಪಾಚಿಯ ಮಾತಿಲ್ಲ, ಕರೆಂಟಿನ ಮಾತಿಲ್ಲ, ನಿನಗೂ ಬಿಡುವು ಸಿಗಲಿ ಎಂದೇ ಯೋಚಿಸಿದ್ದೆ ಎಂಬ ಸಮರ್ಥನೆಯಿಲ್ಲ. ಅವೆಲ್ಲ ನಿಜವೇ, ಆದರೆ ಈಗ ಬರೆದರೆ ಅವಳಿಗೆ ಕೇಳಿಸುವುದು ವಾದವಾಗಿ. ಅಮೆರಿಕದ ವಕೀಲ, ಮಧ್ಯಸ್ಥಿಕೆದಾರ ಬಿಲ್ ಎಡ್ಡಿ ಎಂಬವರು ಬಿರುಸು ಸಂದೇಶಗಳಿಗೆ ಉತ್ತರಿಸಲು ನಾಲ್ಕು ಗುಣ ಹೇಳುತ್ತಾರೆ: ಉತ್ತರ ಚಿಕ್ಕದಾಗಿರಬೇಕು, ಅದರಲ್ಲಿ ಮಾಹಿತಿ ಇರಬೇಕು, ಸ್ನೇಹ ಇರಬೇಕು, ದೃಢತೆ ಇರಬೇಕು. ಕೋರ್ಟು ಮೆಟ್ಟಿಲು ಹತ್ತಿದ ಕುಟುಂಬಗಳನ್ನು ನೋಡಿ ಅವರು ಕಂಡುಕೊಂಡದ್ದು ಇದು. ಈ ನಾಲ್ಕರಲ್ಲಿ ನಮ್ಮವರು ಹೆಚ್ಚು ತಪ್ಪುವುದು ಮೊದಲನೆಯದರಲ್ಲಿ. ಉತ್ತರ ಉದ್ದವಾದಷ್ಟೂ ಹಿಡಿದು ಎಳೆಯಲು ಎಳೆಗಳು ಹೆಚ್ಚುತ್ತವೆ.

ಒಂದೇ ಉತ್ತರದಿಂದ ಎಲ್ಲವೂ ತಿಳಿಯಾಗುತ್ತದೆ ಎಂದು ಕಾಯಬಾರದು. ಅಕ್ಕ ಬರೆಯಬಹುದು: “ನನ್ನನ್ನು ಕೇಳಿ ಎಂತ ಆಗಬೇಕು? ನೀವು ಯೋಚನೆ ಮಾಡಿಯೇ ಮಾಡಿರ್ತೀರಿ.” ಇದು ಎರಡನೆಯ ಚುಚ್ಚುಮಾತು, ಜಗಳಕ್ಕೆ ಎಳೆಯುವ ಗಾಳ, ಮೊದಲನೆಯದಕ್ಕಿಂತ ಬಲವಾದದ್ದು, ಯಾಕೆಂದರೆ ಇವನು ತಗ್ಗಿದ ಮೇಲೂ ಬಂದಿದೆ. ಆದರೆ ಅದನ್ನು ನಿಧಾನವಾಗಿ ಓದಿದರೆ ಒಂದು ಬದಲಾವಣೆ ಕಾಣುತ್ತದೆ. ಮೊದಲ ಸಂದೇಶದಲ್ಲಿ ನೋವು ಮರೆಯಲ್ಲಿತ್ತು, ಈಗ “ನನ್ನನ್ನು ಕೇಳಿ” ಎಂಬಲ್ಲಿ ಅರ್ಧ ಹೊರಬಂದಿದೆ. ಇದು ಹಿನ್ನಡೆಯಲ್ಲ. ಇಲ್ಲಿ ಬರೆಯಬೇಕಾದ್ದು ಒಂದೇ ಸಾಲು: “ಯೋಚನೆ ಮಾಡಿದ್ದು ನಾನೊಬ್ಬನೇ ಅಕ್ಕಾ, ಅದಕ್ಕೇ ನಿನ್ನನ್ನು ಕೇಳಬೇಕು. ಎಂಟೂವರೆಗೆ ಮಾಡ್ತೇನೆ.” ಆಮೇಲೆ ನಿಲ್ಲಿಸಬೇಕು. ಅವಳು ಉತ್ತರಿಸಲಿಲ್ಲ ಎಂದು ಮತ್ತೊಂದು ಸಂದೇಶ, ಅಮ್ಮನ ಹಳೆಯ ಫೋಟೋ, ಕೈಮುಗಿದ ಚಿತ್ರ, ಯಾವುದೂ ಬೇಡ. ಉತ್ತರಿಸದೆ ಇರುವುದಕ್ಕೂ ಅವಳಿಗೆ ಹಕ್ಕಿದೆ. ಎಂಟೂವರೆಗೆ ಫೋನ್ ಮಾತ್ರ ತಪ್ಪಬಾರದು. ಹೇಳಿದ ಹೊತ್ತಿಗೆ ಬಂದ ಕರೆ, ಸಂದೇಶದಲ್ಲಿದ್ದ ಯಾವ ಮಾತಿಗಿಂತಲೂ ಹೆಚ್ಚು ನಂಬಿಕೆ ಕೊಡುತ್ತದೆ.

ಕರೆಯಲ್ಲಿ ಮೊದಲ ಮಾತು ಅವಳದಾಗಲಿ. ಜುಲೈಯಲ್ಲಿ ಅಮ್ಮನ ಕಣ್ಣಿನ ತಪಾಸಣೆ ಇದೆ ಎಂದು ಅವಳು ಹೇಳಬಹುದು. ಬೊರಿವಲಿಯ ನಾಲ್ಕನೆಯ ಮಹಡಿಯಲ್ಲಿ, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಅಮ್ಮ ಒಬ್ಬರೇ ಏನು ಮಾಡುತ್ತಾರೆ ಎಂದು ಕೇಳಬಹುದು. ಮಗನಿಗೆ ಹೊಳೆಯದ ಪ್ರಶ್ನೆಗಳು ಇವು. ತಪಾಸಣೆ ಮುಗಿದ ಮೇಲೆ ಆಗಸ್ಟಿನಲ್ಲಿ ಕರೆದುಕೊಂಡು ಹೋಗುವುದು, ಮೊದಲ ವಾರ ಅಕ್ಕನೂ ಜೊತೆಗೆ ಬಂದು ಇರುವುದು ಎಂಬಂಥ ಮೂರನೆಯ ದಾರಿ ಹುಟ್ಟುವುದು ಇಂಥ ಮಾತಿನಲ್ಲೇ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗಿನ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿದೆ. ಊರಿನ ಕಡೆಯ ರೈಲುಗಳಲ್ಲಿ ಸೀಟು ಬೇಗ ತುಂಬುವುದರಿಂದ ಬುಕಿಂಗ್ ತೆರೆಯುವ ದಿನ ಮನೆಯಲ್ಲಿ ಅವಸರ ಇದ್ದೇ ಇರುತ್ತದೆ. ಆ ಅವಸರವೇ ಕೇಳದೆ ತೀರ್ಮಾನಿಸುವ ತಪ್ಪಿಗೆ ದಾರಿ ಮಾಡುತ್ತದೆ. ಬುಕಿಂಗ್ ತೆರೆಯುವ ವಾರದ ಮೊದಲೇ ಕರೆ ಮಾಡುವುದು ಅಭ್ಯಾಸವಾದರೆ ಇಡೀ ಪ್ರಸಂಗವೇ ತಪ್ಪುತ್ತದೆ.

ಇಲ್ಲಿಯವರೆಗಿನ ಸಂದರ್ಭದಲ್ಲಿ ತಮ್ಮ ತೀರ್ಮಾನವನ್ನು ಬದಲಿಸಬಹುದಾಗಿತ್ತು. ಬದಲಿಸಲಾಗದ ಸಂದರ್ಭಗಳೂ ಇವೆ. ಫೆಬ್ರುವರಿ ಮಾರ್ಚಿನಲ್ಲಿ ಊರಿನಲ್ಲಿ ಮನೆ ದೇವರ ಪೂಜೆ, ಇಲ್ಲಿ ಮಗಳಿಗೆ ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆ. ಬರಲು ಆಗುವುದಿಲ್ಲ ಎಂದು ಮಗ ತಿಳಿಸಿದಾಗ ಅಮ್ಮನ ಉತ್ತರ: “ಆಯ್ತು ಮಗಾ. ನಿಮಗೆ ಪುರುಸೊತ್ತು ಇದ್ದಾಗ ಬನ್ನಿ.” ಇಲ್ಲಿ ಪ್ರಶ್ನೆ ಕೇಳುವುದು ಸರಿಯಲ್ಲ. “ನಾವು ಬರಬೇಕಾ ಅಮ್ಮಾ?” ಎಂದು ಕೇಳಿ, ಅವರು ಹೌದು ಎಂದ ಮೇಲೆ ಮತ್ತೆ ಆಗುವುದಿಲ್ಲ ಎಂದರೆ ಅದು ಎರಡನೆಯ ಸಲ ನೋಯಿಸಿದಂತೆ. ಇಲ್ಲದ ಆಯ್ಕೆಯನ್ನು ಇದೆ ಎಂದು ತೋರಿಸಬಾರದು. ಹೀಗೆ ಬರೆಯಬಹುದು: “ಅಮ್ಮಾ, ಪೂಜೆಯ ದಿನ ನಾವಿಲ್ಲ ಅಂದರೆ ಮನೆ ಖಾಲಿ ಅನ್ನಿಸ್ತದೆ ಅಂತ ನನಗೆ ಗೊತ್ತುಂಟು. ಪರೀಕ್ಷೆ ಇರುವ ಕಾರಣ ಈ ಸಲ ಬರಲಿಕ್ಕೆ ಆಗುವುದಿಲ್ಲ. ಅವಳ ಕೊನೆಯ ಪೇಪರ್ ಮುಗಿದ ವಾರವೇ ಎಲ್ಲರೂ ಬರ್ತೇವೆ, ಟಿಕೆಟ್ ಮಾಡಿ ತಾರೀಕು ಹೇಳ್ತೇನೆ.” ನೋವನ್ನು ಒಪ್ಪಿದ್ದಾಗಿದೆ, “ಇಲ್ಲ” ಎಂಬುದು ಹಾಗೇ ಉಳಿದಿದೆ, ಬರುವ ದಿನವೂ ಗೊತ್ತಾಗುವಂತಿದೆ. “ನಮಗೇನು ಪುರುಸೊತ್ತಿಲ್ಲದೆ ಅಲ್ಲ” ಎಂಬ ಒಂದು ವಾಕ್ಯ ಬರೆಯಲು ಮನಸ್ಸು ತುಡಿಯುತ್ತದೆ. ಗಾಳವಿರುವುದು “ಪುರುಸೊತ್ತು” ಎಂಬ ಆ ಒಂದು ಶಬ್ದದಲ್ಲೇ, ಅದನ್ನು ಮುಟ್ಟದೆ ಬಿಡಬೇಕು. ಹೇಳಿದ ವಾರ ಊರಿಗೆ ಹೋಗಿ ಇಳಿದರೆ ಪುರುಸೊತ್ತಿನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.

ಇದೇ ಮಾತು ಕುಟುಂಬದ ಗುಂಪಿನಲ್ಲಿ, ಹತ್ತಾರು ಜನರ ಎದುರು ಬಂದಾಗ ಗುಂಪಿನಲ್ಲೇ ಉತ್ತರಿಸಬಾರದು. ಅಲ್ಲಿ ಚಿಕ್ಕಪ್ಪ, ಭಾವ, ಅತ್ತಿಗೆ ಎಲ್ಲ ಓದುತ್ತಿರುತ್ತಾರೆ. ಅವರೆಲ್ಲರ ಎದುರು ಅಕ್ಕನಿಗೆ ತನ್ನ ಮಾತನ್ನು ಸಡಿಲಿಸುವುದು ಕಷ್ಟ, ತಮ್ಮನಿಗೆ ತಗ್ಗುವುದು ಕಷ್ಟ. “ಅಕ್ಕಾ, ಫೋನ್ ಮಾಡ್ತೇನೆ” ಎಂದಷ್ಟೇ ಗುಂಪಿನಲ್ಲಿ ಬರೆದು ಉಳಿದದ್ದನ್ನು ಇಬ್ಬರೇ ಮಾತಾಡುವುದು ಮರ್ಯಾದೆ.

ಈ ಕ್ರಮಕ್ಕೆ ಮಿತಿಯೂ ಇದೆ. ವರ್ಷಕ್ಕೊಂದು ಸಲ ಬಂದ ಚುಚ್ಚುಮಾತು ಬೇರೆ, ಪ್ರತಿಯೊಂದು ತೀರ್ಮಾನಕ್ಕೂ ಅದೇ ಉತ್ತರ ಬರುವುದು ಬೇರೆ. ಕೇಳಿದಾಗ “ನಿಮ್ಮಿಷ್ಟ”, ಮಾಡಿದ ಮೇಲೆ “ಯಾರನ್ನು ಕೇಳಿ ಮಾಡಿದಿರಿ” ಎಂಬುದು ಮರುಕಳಿಸುತ್ತಿದ್ದರೆ ಅದನ್ನು ಸಂದೇಶದಲ್ಲಿ ಸರಿಪಡಿಸಲಾಗದು. ಊರಿಗೆ ಹೋದಾಗ, ಯಾವ ಜಗಳವೂ ಇಲ್ಲದ ದಿನ, ಎದುರು ಕೂತು ಹೇಳಬೇಕು: “ಅಕ್ಕಾ, ಇನ್ನು ಮುಂದೆ ನೀನು ಆಯ್ತು ಅಂದರೆ ಆಯ್ತು ಅಂತಲೇ ತಿಳಿಯುತ್ತೇನೆ. ಬೇಡವಾದರೆ ಬೇಡ ಅನ್ನು, ನನಗೆ ಬೇಜಾರಿಲ್ಲ.” ಹಾಗೆ ಹೇಳಿದ ಮೇಲೆ ಅದರಂತೆಯೇ ನಡೆದುಕೊಳ್ಳಬೇಕು. ಅವಳು ಒಮ್ಮೆ “ಬೇಡ” ಎಂದಾಗ ಇವನು ಮುಖ ಸಣ್ಣ ಮಾಡಿದರೆ, ಕೊಟ್ಟ ಜಾಗವನ್ನು ಇವನೇ ಕಿತ್ತುಕೊಂಡಂತೆ. ಇನ್ನು ಕೆಲವು ಮನೆಗಳಲ್ಲಿ “ನಿನ್ನಿಷ್ಟ” ಎಂಬುದರ ಹಿಂದೆ ಬೆದರಿಕೆ ಇರುತ್ತದೆ: ವಾರಗಟ್ಟಲೆ ಮಾತು ಬಿಡುವುದು, ಖರ್ಚಿನ ಹಣ ನಿಲ್ಲಿಸುವುದು, ಮನೆಯಿಂದ ಹೊರಗೆ ಹೋಗದಂತೆ ಮಾಡುವುದು. ಗಂಡನ ಇಂಥ ಸಂದೇಶ ನೋಡಿ ಹೆಂಡತಿಯ ಕೈ ನಡುಗುತ್ತದೆ ಎಂದಾದರೆ ಅಲ್ಲಿ ಬೇಕಾದ್ದು ನಯವಾದ ಉತ್ತರವಲ್ಲ, ಹೊರಗಿನವರ ಸಹಾಯ. ಎದುರಿನವರಿಗೆ “ಬೇಡ” ಎನ್ನಲು ಜಾಗ ಕೊಡುವ ಮಾತು, ನಮಗೂ ಆ ಜಾಗ ಇದ್ದಾಗ ಮಾತ್ರ ನಡೆಯುತ್ತದೆ.

ಸರಿಯಾದ ಉತ್ತರ ಬರೆದೆವೋ ಇಲ್ಲವೋ ಎಂದು ತಿಳಿಯುವುದು ಆ ರಾತ್ರಿಯ ಕರೆಯಿಂದ ಅಲ್ಲ. ಆ ಕರೆ ತಣ್ಣಗಿರಬಹುದು, ಅಕ್ಕ ಬೇಗ ಇಟ್ಟುಬಿಡಬಹುದು. ತಿಳಿಯುವುದು ಮುಂದಿನ ಸಲ. ಇನ್ಯಾವುದೋ ತಿಂಗಳು, ಇನ್ಯಾವುದೋ ವಿಷಯಕ್ಕೆ ತಮ್ಮ ಅಭಿಪ್ರಾಯ ಕೇಳಿದಾಗ ಅಕ್ಕ “ಬೇಡ ಮಾರಾಯ, ಅದು ಸರಿಯಾಗಲಿಕ್ಕಿಲ್ಲ” ಎಂದು ನೇರವಾಗಿ ಬರೆದರೆ, ಅದನ್ನು ವಿರೋಧ ಎಂದು ಓದಬಾರದು. ತನ್ನ ಮಾತಿಗೆ ಈ ಮನೆಯಲ್ಲಿ ಬೆಲೆಯಿದೆ ಎಂದು ನಂಬಿದವಳು ಮಾತ್ರ ಹಾಗೆ ಬರೆಯುತ್ತಾಳೆ.